ಲಿಪಿಡ್ ಟೆಸ್ಟ್‌ಗೆ ತಯಾರಾಗುವುದು ಹೇಗೆ: ಇತ್ತೀಚಿನ ಜ್ವರ, ಕೂತ ಭಂಗಿ, ತೋಳಿಗೆ ಕಟ್ಟಿದ ಪಟ್ಟಿ

ರಕ್ತದಲ್ಲಿರುವ ಕೊಬ್ಬನ್ನು ಅಳೆಯುವ ಲಿಪಿಡ್ ಟೆಸ್ಟ್ ಅಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ? ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಇನ್ನೂ ಮೂರು ವಿಷಯಗಳಿವೆ. ಅವುಗಳನ್ನು ಟೆಸ್ಟ್ ಮಾಡಿಸುವವರೂ ಕೇಳುವುದಿಲ್ಲ, ರಕ್ತ ತೆಗೆಯುವವರೂ ಎಷ್ಟೋ ಸಲ ಹೇಳುವುದಿಲ್ಲ. ಇತ್ತೀಚೆಗೆ ಕಾಯಿಲೆ ಬಿದ್ದಿದ್ರಾ? ಸೂಜಿ ಚುಚ್ಚುವ ಮೊದಲು ಎಷ್ಟು ಹೊತ್ತು ಕೂತಿದ್ರಿ? ತೋಳಿಗೆ ಪಟ್ಟಿ ಕಟ್ಟಿ ಎಷ್ಟು ಹೊತ್ತು ಬಿಟ್ಟಿದ್ರು? ಈ ಮೂರರಲ್ಲಿ ಯಾವುದು ಹೆಚ್ಚುಕಮ್ಮಿಯಾದರೂ, ಕೊಲೆಸ್ಟ್ರಾಲ್ ಮಾತ್ರೆ ಶುರು ಮಾಡಬೇಕೋ ಬೇಡವೋ ಅನ್ನುವ ತೀರ್ಮಾನವೇ ಬದಲಾಗುವಷ್ಟು ಅಂಕಿ ಅತ್ತಿತ್ತ ಆಗಬಹುದು.

ಯಾಕೆ ಅಂತ ಅರ್ಥವಾಗಬೇಕಾದರೆ ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ರಿಪೋರ್ಟ್‌ನಲ್ಲಿ ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ 140 ಅಂತ ಇದ್ದರೆ, ಅದು ನಿಮ್ಮ ಮೈಯಲ್ಲಿರುವ ಒಟ್ಟು ಕೊಬ್ಬಿನ ಲೆಕ್ಕ ಅಲ್ಲ. ರಕ್ತದ ದ್ರವಭಾಗದ 100 ಮಿಲಿಲೀಟರ್‌ನಲ್ಲಿ 140 ಮಿಲಿಗ್ರಾಂ ಇದೆ ಅಂತ ಅರ್ಥ. ಹಾಗಾಗಿ ಈ ಅಂಕಿ ಎರಡು ರೀತಿಯಲ್ಲಿ ಏರಿಳಿಯಬಹುದು. ಕೊಬ್ಬು ನಿಜವಾಗಿಯೂ ಹೆಚ್ಚುಕಮ್ಮಿ ಆದರೂ ಬದಲಾಗುತ್ತದೆ. ಕೊಬ್ಬು ಇದ್ದಷ್ಟೇ ಇದ್ದು, ಅದರ ಜೊತೆಗಿರುವ ನೀರು ಹೆಚ್ಚುಕಮ್ಮಿ ಆದರೂ ಬದಲಾಗುತ್ತದೆ. ಭಂಗಿ ಮತ್ತು ಪಟ್ಟಿ ನೀರನ್ನು ಬದಲಾಯಿಸುತ್ತವೆ. ಕಾಯಿಲೆ ಕೊಬ್ಬನ್ನೇ ಬದಲಾಯಿಸುತ್ತದೆ. ಮೊದಲಿನ ಎರಡನ್ನು ಲ್ಯಾಬ್‌ನ ಕುರ್ಚಿಯಲ್ಲೇ ಸರಿಮಾಡಿಕೊಳ್ಳಬಹುದು. ಮೂರನೆಯದಕ್ಕೆ ಕಾಯುವುದು ಬಿಟ್ಟು ಬೇರೆ ದಾರಿ ಇಲ್ಲ. ಅದಕ್ಕೇ ತಯಾರಿ ಅಲ್ಲಿಂದಲೇ ಶುರುವಾಗಬೇಕು.

ಮೊದಲು ಕ್ಯಾಲೆಂಡರ್ ನೋಡಿ

ಟೆಸ್ಟ್‌ಗೆ ದಿನ ಗೊತ್ತುಮಾಡುವ ಮೊದಲು ಹಿಂದಿನ ಎರಡು ತಿಂಗಳನ್ನು ನೆನಪು ಮಾಡಿಕೊಳ್ಳಿ. ಜ್ವರ ಬಂದಿತ್ತಾ? ನ್ಯುಮೋನಿಯಾ, ಮೂತ್ರದ ಸೋಂಕು, ಹೊಟ್ಟೆ ಕೆಟ್ಟು ಮಲಗಿದ್ದು? ಆಪರೇಷನ್, ದೊಡ್ಡ ಏಟು, ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು?

ಮೈ ಸೋಂಕಿನ ಜೊತೆ ಹೋರಾಡುವಾಗ ಯಕೃತ್ತಿನ ಕೆಲಸದ ಕ್ರಮವೇ ಬದಲಾಗುತ್ತದೆ. ಉರಿಯೂತದ ಸಂದೇಶ ಹೊತ್ತ ರಾಸಾಯನಿಕಗಳು ಯಕೃತ್ತಿಗೆ ತಲುಪಿದಾಗ, ಅದು ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು ತುಂಬಿದ ಕಣಗಳನ್ನು ಹೆಚ್ಚು ಹೆಚ್ಚು ರಕ್ತಕ್ಕೆ ಬಿಡುತ್ತದೆ. ಅದೇ ಹೊತ್ತಿಗೆ, ಆ ಟ್ರೈಗ್ಲಿಸರೈಡನ್ನು ರಕ್ತದಿಂದ ತೆಗೆಯುವ ಕಿಣ್ವ ನಿಧಾನವಾಗುತ್ತದೆ. ಬರುವುದು ಜಾಸ್ತಿ, ಹೋಗುವುದು ಕಡಿಮೆ. ಹಾಗಾಗಿ ಟ್ರೈಗ್ಲಿಸರೈಡ್ ಏರುತ್ತದೆ. ಎಲ್‌ಡಿಎಲ್ ಮತ್ತು ಒಳ್ಳೆಯ ಕೊಲೆಸ್ಟ್ರಾಲ್ ಅನ್ನಿಸಿಕೊಂಡ ಎಚ್‌ಡಿಎಲ್‌ನ ಕಥೆ ಉಲ್ಟಾ, ಅವೆರಡೂ ಇಳಿಯುತ್ತವೆ. ಎಚ್‌ಡಿಎಲ್ ಕಣದ ಮುಖ್ಯ ಪ್ರೋಟೀನಿನ ಜಾಗಕ್ಕೆ ಉರಿಯೂತದ ಹೊತ್ತಿನಲ್ಲಿ ಹುಟ್ಟುವ ಬೇರೊಂದು ಪ್ರೋಟೀನ್ ಬಂದು ಸೇರಿಕೊಳ್ಳುತ್ತದೆ. ಅಂಥ ಕಣಗಳು ರಕ್ತದಲ್ಲಿ ಹೆಚ್ಚು ಕಾಲ ಉಳಿಯುವುದಿಲ್ಲ.

ತೊಂದರೆ ಇರುವುದು ಇಲ್ಲೇ. ಜ್ವರದಿಂದ ಎದ್ದವರು ಟೆಸ್ಟ್ ಮಾಡಿಸಿದಾಗ ಎಲ್‌ಡಿಎಲ್ ಕಡಿಮೆ ಬರುತ್ತದೆ, ನೋಡಿದವರಿಗೆ ಖುಷಿಯಾಗುತ್ತದೆ. ಹೆಚ್ಚು ಬಂದಿದ್ದರೆ ಯಾರಾದರೂ ಅನುಮಾನ ಪಟ್ಟು ಇನ್ನೊಮ್ಮೆ ಮಾಡಿಸುತ್ತಿದ್ದರು. ಕಡಿಮೆ ಬಂದದ್ದನ್ನು ಯಾರೂ ಪ್ರಶ್ನಿಸುವುದಿಲ್ಲ. "ನಾರ್ಮಲ್ ಇದೆ, ಮುಂದಿನ ವರ್ಷ ನೋಡೋಣ" ಅಂತ ರಿಪೋರ್ಟ್ ಕಪಾಟು ಸೇರುತ್ತದೆ.

ಎಷ್ಟು ದಿನ ಕಾಯಬೇಕು? ಸಾಧಾರಣ ನೆಗಡಿ, ಎರಡು ದಿನದ ಜ್ವರವಾಗಿದ್ದರೆ ಪೂರ್ತಿ ಚೇತರಿಸಿಕೊಂಡ ಮೇಲೆ ಎರಡು ಮೂರು ವಾರ ಬಿಟ್ಟು ಹೋಗಿ. ಆಸ್ಪತ್ರೆ ಸೇರುವಂಥ ಕಾಯಿಲೆ, ಆಪರೇಷನ್, ದೊಡ್ಡ ಗಾಯ ಆಗಿದ್ದರೆ ಕನಿಷ್ಠ 8 ವಾರ ಬಿಡಿ. ಹಾಸಿಗೆಯಿಂದ ಎದ್ದು ಓಡಾಡುತ್ತಿದ್ದೀರಿ ಅಂದ ಮಾತ್ರಕ್ಕೆ ರಕ್ತದ ಕೊಬ್ಬು ಮೊದಲಿನ ಮಟ್ಟಕ್ಕೆ ಬಂದಿರಬೇಕು ಅಂತೇನಿಲ್ಲ. ತೂಕ ಇಳಿದಿದ್ದರೆ ಅದೂ ಒಂದು ಕಡೆ ನಿಂತಿರಬೇಕು. ಕಾಯಿಲೆಗೆ ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದರೆ ಅದನ್ನು ಡಾಕ್ಟರಿಗೆ ನೆನಪಿಸಿ. ಅದೂ ಟ್ರೈಗ್ಲಿಸರೈಡ್ ಏರಿಸಬಲ್ಲದು.

ಹಾರ್ಟ್ ಅಟ್ಯಾಕ್‌ನಲ್ಲಿ ಮಾತ್ರ ಲೆಕ್ಕ ಬೇರೆ. ಎಲ್‌ಡಿಎಲ್ ಗಮನಕ್ಕೆ ಬರುವಷ್ಟು ಇಳಿಯಲು ಸುಮಾರು ಒಂದು ದಿನ ಬೇಕು. ಅದಕ್ಕೇ ಆಸ್ಪತ್ರೆಗೆ ಸೇರಿದ ಮೊದಲ 24 ಗಂಟೆಯೊಳಗೆ ರಕ್ತ ತೆಗೆಯುತ್ತಾರೆ. ಆ ಅಂಕಿ ಆ ವ್ಯಕ್ತಿಯ ನಿಜವಾದ ಮಟ್ಟಕ್ಕೆ ಹತ್ತಿರ ಇರುತ್ತದೆ. ಮೂರನೇ ದಿನವೋ ನಾಲ್ಕನೇ ದಿನವೋ ತೆಗೆದದ್ದು ಹಾಗಿರುವುದಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿ ಎಲ್‌ಡಿಎಲ್ ಅಂಕಿ ಕಂಡರೆ ಅದು ಯಾವ ದಿನದ ರಕ್ತ ಅಂತ ನೋಡಿಕೊಳ್ಳಿ. ಮತ್ತೆ, ಅಂಕಿ ಕಡಿಮೆ ಇದೆ ಅಂತ ಹೃದಯದ ಡಾಕ್ಟರ್ ಕೊಟ್ಟ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಆಗ ಅದನ್ನು ಕೊಡುವುದು ಆ ಒಂದು ಅಂಕಿ ನೋಡಿ ಅಲ್ಲ.

ಗರ್ಭಿಣಿಯರಲ್ಲಿ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಎರಡೂ ಸಹಜವಾಗಿಯೇ ಏರುತ್ತವೆ. ಡಾಕ್ಟರ್ ಬೇರೆ ಕಾರಣಕ್ಕೆ ಹೇಳದಿದ್ದರೆ ಹೆರಿಗೆಯಾಗಿ ಕೆಲವು ತಿಂಗಳು ಕಳೆದ ಮೇಲೆ ನೋಡಿದರಾಯ್ತು.

ಹಿಂದಿನ ವಾರ, ಹಿಂದಿನ ರಾತ್ರಿ

ಟೆಸ್ಟ್ ಹತ್ತಿರ ಬಂತು ಅಂತ ಒಂದು ವಾರ ಪಥ್ಯ ಮಾಡಬೇಡಿ. ನೀವು ಸಾಮಾನ್ಯವಾಗಿ ಹೇಗೆ ಬದುಕುತ್ತೀರೋ ಅದು ರಿಪೋರ್ಟ್‌ನಲ್ಲಿ ಕಾಣಬೇಕು. ಎರಡು ವಾರ ಎಂದಿನ ಊಟ ಮಾಡಿ, ತೂಕ ಇಳಿಸುವ ಪ್ರಯತ್ನದ ನಡುವೆ ಟೆಸ್ಟ್ ಇಟ್ಟುಕೊಳ್ಳಬೇಡಿ. ಹಿಂದಿನ ದಿನ ಮದ್ಯ ಬೇಡ, ಮೈ ದಣಿಯುವಂಥ ವ್ಯಾಯಾಮವೂ ಬೇಡ. ಎರಡೂ ಮುಖ್ಯವಾಗಿ ಟ್ರೈಗ್ಲಿಸರೈಡನ್ನು ಅಲುಗಾಡಿಸುತ್ತವೆ.

ಇನ್ನು ಉಪವಾಸ. ಬರೀ ಒಟ್ಟು ಕೊಲೆಸ್ಟ್ರಾಲ್ ಮತ್ತು ಎಚ್‌ಡಿಎಲ್ ನೋಡುವುದಾದರೆ ಊಟ ಮಾಡಿದ್ದರೂ ದೊಡ್ಡ ವ್ಯತ್ಯಾಸ ಆಗುವುದಿಲ್ಲ. 2016ರಲ್ಲಿ ಯುರೋಪಿನ ತಜ್ಞರ ಸಂಘಗಳು ಮಾಮೂಲಿ ತಪಾಸಣೆಗೆ ಉಪವಾಸ ಕಡ್ಡಾಯ ಅಲ್ಲ ಅಂತಲೇ ಹೇಳಿದವು. ಆದರೆ ಟ್ರೈಗ್ಲಿಸರೈಡ್ ಊಟದ ಮೇಲೆ ಏರುತ್ತದೆ, ಮತ್ತು ಬಹಳ ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ. ಹಳೆಯ, ಇವತ್ತಿಗೂ ಬಳಕೆಯಲ್ಲಿರುವ ಸೂತ್ರ ಇದು: ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆಯಿರಿ, ಆಮೇಲೆ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ ಕಳೆಯಿರಿ. ಊಟದಿಂದ ಟ್ರೈಗ್ಲಿಸರೈಡ್ 150ರಿಂದ 220ಕ್ಕೆ ಏರಿದರೆ, ಈ ಲೆಕ್ಕದಲ್ಲಿ ಎಲ್‌ಡಿಎಲ್ ಸುಮ್ನೆ 14 ಕಡಿಮೆ ಕಾಣುತ್ತದೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ಕೆಲಸಕ್ಕೇ ಬರುವುದಿಲ್ಲ. ಹಾಗಾಗಿ ಹಿಂದೆ ನಿಮ್ಮ ಟ್ರೈಗ್ಲಿಸರೈಡ್ ಜಾಸ್ತಿ ಬಂದಿದ್ದರೆ, ಇಲ್ಲವೇ ಡಾಕ್ಟರ್ ಹೇಳಿದ್ದರೆ, 9ರಿಂದ 12 ಗಂಟೆ ಏನೂ ತಿನ್ನದೆ ಹೋಗಿ. ಹಾಲು, ಸಕ್ಕರೆ ಹಾಕಿದ ಕಾಫಿ ಟೀ ಕೂಡ ಬೇಡ.

ನೀರು ಮಾತ್ರ ಧಾರಾಳವಾಗಿ ಕುಡಿಯಿರಿ. ಉಪವಾಸ ಅಂದರೆ ನೀರೂ ಇಲ್ಲ ಅಂತ ತಿಳಿದುಕೊಂಡು ಬರುವವರು ತುಂಬಾ ಜನ ಇದ್ದಾರೆ. ನೀರು ಕಡಿಮೆಯಾದರೆ ರಕ್ತ ಮಂದವಾಗುತ್ತದೆ, ನರ ಸಿಗುವುದೂ ಕಷ್ಟವಾಗುತ್ತದೆ. ನರ ಸಿಗದಿದ್ದರೆ ಪಟ್ಟಿ ಹೆಚ್ಚು ಹೊತ್ತು ಕಟ್ಟಿರಬೇಕಾಗುತ್ತದೆ, ಅಲ್ವಾ? ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಉಪವಾಸ ಮಾಡುವ ಮೊದಲು ಆ ಡೋಸ್ ಏನು ಮಾಡಬೇಕು ಅಂತ ಡಾಕ್ಟರನ್ನು ಕೇಳಲೇಬೇಕು. ಮಿಕ್ಕ ಮಾತ್ರೆಗಳನ್ನು ಎಂದಿನಂತೆ ತೆಗೆದುಕೊಳ್ಳಿ. ಕೊಲೆಸ್ಟ್ರಾಲ್ ಮಾತ್ರೆಯನ್ನೂ ನಿಲ್ಲಿಸಬೇಡಿ. ಅದು ಎಷ್ಟು ಕೆಲಸ ಮಾಡುತ್ತಿದೆ ಅಂತ ನೋಡುವುದಕ್ಕೇ ಎಷ್ಟೋ ಸಲ ಟೆಸ್ಟ್ ಬರೆದಿರುತ್ತಾರೆ.

ಲ್ಯಾಬ್‌ಗೆ ಬಂದ ಮೇಲೆ: ಮೊದಲು ಕೂರಿ

ನಿಂತಾಗ ರಕ್ತದ ಭಾರ ಕಾಲಿನ ಕಡೆಗೆ ಬೀಳುತ್ತದೆ. ಕಾಲಿನ ಸಣ್ಣ ಸಣ್ಣ ರಕ್ತನಾಳಗಳಲ್ಲಿ ಒತ್ತಡ ಏರಿ, ನೀರು ಮತ್ತು ಅದರಲ್ಲಿ ಕರಗಿದ ಸಣ್ಣ ವಸ್ತುಗಳು ಗೋಡೆಯ ಮೂಲಕ ಸುತ್ತಲಿನ ಅಂಗಾಂಶಕ್ಕೆ ಜಿನುಗುತ್ತವೆ. ಆ ಗೋಡೆ ಜರಡಿಯ ಹಾಗೆ. ಉಪ್ಪು, ಸಕ್ಕರೆ ದಾಟಿ ಹೋಗುತ್ತವೆ, ಪ್ರೋಟೀನ್, ರಕ್ತಕಣ, ಕೊಲೆಸ್ಟ್ರಾಲ್ ಹೊತ್ತ ದೊಡ್ಡ ಕಣಗಳು ಒಳಗೇ ಉಳಿಯುತ್ತವೆ. ನೀರು ಹೋಯಿತು, ಕಣಗಳು ಉಳಿದವು. ಅಂಕಿ ಏರಿತು. ಮಲಗಿದಾಗ ಇದೇ ನೀರು ವಾಪಸ್ ಬರುತ್ತದೆ, ಅಂಕಿ ಇಳಿಯುತ್ತದೆ.

ಇದು ಸಣ್ಣ ವ್ಯತ್ಯಾಸ ಏನಲ್ಲ. ನಿಂತಿದ್ದವರು ಸುಮಾರು 20 ನಿಮಿಷ ಮಲಗಿದರೆ ಕೊಲೆಸ್ಟ್ರಾಲ್ ಹೆಚ್ಚುಕಡಿಮೆ ನೂರಕ್ಕೆ 10ರಷ್ಟು ಇಳಿಯಬಹುದು. ಕೂತಾಗಿನ ಅಂಕಿ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ.

ಒಂದು ಉದಾಹರಣೆ ನೋಡಿ. ಒಬ್ಬರು ಮೊದಲ ಸಲ ಲ್ಯಾಬ್‌ಗೆ ಹೋದಾಗ ಅರ್ಧ ಗಂಟೆ ಸಾಲಿನಲ್ಲಿ ನಿಂತು, ಕುರ್ಚಿಗೆ ಬಂದ ತಕ್ಷಣ ರಕ್ತ ಕೊಟ್ಟರು. ಒಟ್ಟು ಕೊಲೆಸ್ಟ್ರಾಲ್ 215, ಎಲ್‌ಡಿಎಲ್ 139, ಎಚ್‌ಡಿಎಲ್ 46, ಟ್ರೈಗ್ಲಿಸರೈಡ್ 150. ಮೂರು ತಿಂಗಳ ಮೇಲೆ ಮನೆಗೇ ಬಂದು ರಕ್ತ ತೆಗೆಯುವವರನ್ನು ಕರೆಸಿದರು. ಬೆಳಿಗ್ಗೆ ಬಾಗಿಲು ತೆಗೆದದ್ದು ಮನೆಯವರು, ಇವರು ಇನ್ನೂ ಹಾಸಿಗೆಯಲ್ಲೇ ಇದ್ದರು, ಮಲಗಿದಲ್ಲೇ ತೋಳು ಚಾಚಿದರು. ಈ ಸಲ ಒಟ್ಟು 195, ಎಲ್‌ಡಿಎಲ್ 126, ಎಚ್‌ಡಿಎಲ್ 42, ಟ್ರೈಗ್ಲಿಸರೈಡ್ 136. ಎಲ್‌ಡಿಎಲ್ 13 ಇಳಿದದ್ದು ಊಟ ಬದಲಾಯಿಸಿದ್ದಕ್ಕೆ ಅಂತ ಅನ್ನಿಸುವುದು ಸಹಜ. ಆದರೆ ನಾಲ್ಕೂ ಅಂಕಿ ಒಂದೇ ದಿಕ್ಕಿಗೆ, ಹತ್ತಿರಹತ್ತಿರ ಅದೇ ಪ್ರಮಾಣದಲ್ಲಿ ಇಳಿದಿವೆ ನೋಡಿ. ಒಟ್ಟನ್ನು ಎಚ್‌ಡಿಎಲ್‌ನಿಂದ ಭಾಗಿಸಿದರೆ ಆಗ 4.7, ಈಗ 4.6. ಅನುಪಾತ ಅಲುಗಾಡಿಲ್ಲ. ನೀರಿನಿಂದಾದ ಬದಲಾವಣೆಯ ಗುರುತು ಇದೇ.

ಹಾಗಾಗಿ ಮಾಡಬೇಕಾದದ್ದು ಸುಲಭ. ಬಂದ ತಕ್ಷಣ ಕೂತುಕೊಳ್ಳಿ. ಕನಿಷ್ಠ 5 ನಿಮಿಷ, ಸಾಧ್ಯವಾದರೆ 10ರಿಂದ 15 ನಿಮಿಷ. ಮೆಟ್ಟಿಲು ಹತ್ತಿ ಬಂದಿದ್ದರೆ, ವೇಗವಾಗಿ ನಡೆದು ಬಂದಿದ್ದರೆ ಇದು ಇನ್ನೂ ಮುಖ್ಯ. ಮುಂದಿನ ಸಲವೂ ಹಾಗೇ ಕೂತು, ಅಷ್ಟೇ ಹೊತ್ತು ಕಳೆದು ರಕ್ತ ಕೊಡಿ. ಮನೆಗೆ ಬಂದು ತೆಗೆಯುವುದಾದರೆ ಅವರು ಬರುವ ಮೊದಲೇ ಎದ್ದು, ಸ್ವಲ್ಪ ಓಡಾಡಿ, ಆಮೇಲೆ ಕುರ್ಚಿಯಲ್ಲಿ ಕೂತಿರಿ. ಸೂಜಿ ಕಂಡರೆ ತಲೆಸುತ್ತು ಬರುವವರು ಮಲಗಿಯೇ ಕೊಡಬೇಕು, ಅದರಲ್ಲಿ ತಪ್ಪಿಲ್ಲ. ಪ್ರತಿ ಸಲವೂ ಮಲಗಿಯೇ ಕೊಡಿ, ರಿಪೋರ್ಟ್ ಮೇಲೆ "ಮಲಗಿ" ಅಂತ ಬರೆದಿಟ್ಟುಕೊಳ್ಳಿ.

ತೋಳಿನ ಪಟ್ಟಿ

ಪಟ್ಟಿ ಕಟ್ಟುವುದು ನರ ಉಬ್ಬಿ ಕಾಣಲಿ ಅಂತ. ರಕ್ತ ತೋಳಿಗೆ ಬರುತ್ತಲೇ ಇರುತ್ತದೆ, ವಾಪಸ್ ಹೋಗುವುದು ನಿಲ್ಲುತ್ತದೆ. ಒಳಗೆ ಒತ್ತಡ ಏರಿ, ನಿಂತಾಗ ಕಾಲಿನಲ್ಲಿ ಆಗುವುದೇ ಈಗ ತೋಳಿನಲ್ಲಿ ಆಗುತ್ತದೆ. ನೀರು ಹೊರಗೆ, ಕಣಗಳು ಒಳಗೆ. ಒಂದು ನಿಮಿಷದೊಳಗೆ ಮುಗಿದರೆ ಚಿಂತೆ ಇಲ್ಲ. ಎರಡು ನಿಮಿಷಕ್ಕೆ ಕೊಲೆಸ್ಟ್ರಾಲ್ ನೂರಕ್ಕೆ ಎರಡರಿಂದ ಐದರಷ್ಟು ಏರಬಹುದು. ಐದು ನಿಮಿಷಕ್ಕೆ ಏರಿಕೆ 10ರಿಂದ 15ರವರೆಗೂ ಹೋಗಬಹುದು.

ಐದು ನಿಮಿಷ ಯಾರು ಕಟ್ಟಿಡುತ್ತಾರೆ ಅನ್ನಿಸಬಹುದು. ಆದರೆ ಒಂದು ನಿಮಿಷ ದಾಟುವುದು ಎಷ್ಟು ಸುಲಭ ಅಂತ ಸುಮ್ನೆ ಗಮನಿಸಿ. ಪಟ್ಟಿ ಬಿಗಿಯುತ್ತಾರೆ. ಬೆರಳಿನಿಂದ ನರ ತಡಕುತ್ತಾರೆ. ಸಿಕ್ಕಿತು ಅಂದ ಮೇಲೆ ಹತ್ತಿ ತೆಗೆದು ಸ್ಪಿರಿಟ್ ಹಚ್ಚಿ, ಒಣಗಲಿ ಅಂತ ಬಿಡುತ್ತಾರೆ. ಅಷ್ಟರಲ್ಲಿ ಸೂಜಿಯ ಪ್ಯಾಕೆಟ್ ಹರಿಯುತ್ತಾರೆ, ಟ್ಯೂಬಿನ ಮೇಲೆ ಹೆಸರು ಬರೆಯುತ್ತಾರೆ, ಪಕ್ಕದವರ ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಇಷ್ಟು ಹೊತ್ತೂ ಪಟ್ಟಿ ಬಿಗಿಯಾಗಿಯೇ ಇದೆ. ಆಮೇಲೆ ಚುಚ್ಚಿ, ಮೂರು ಟ್ಯೂಬ್ ತುಂಬಿಸಿ, ಕೊನೆಯಲ್ಲಿ ಪಟ್ಟಿ ಬಿಚ್ಚುತ್ತಾರೆ.

ಸರಿಯಾದ ಕ್ರಮ ಬೇರೆ. ಸೂಜಿ, ಟ್ಯೂಬ್, ಹತ್ತಿ ಎಲ್ಲ ಮೊದಲೇ ಸಿದ್ಧವಿರಬೇಕು. ಚುಚ್ಚುವ ಜಾಗದಿಂದ 7ರಿಂದ 10 ಸೆಂಟಿಮೀಟರ್ ಮೇಲೆ ಪಟ್ಟಿ ಕಟ್ಟಬೇಕು. ನರ ಹುಡುಕಲು ಹೆಚ್ಚು ಹೊತ್ತು ಹಿಡಿದರೆ ಪಟ್ಟಿ ಸಡಿಲಿಸಿ, ಎರಡು ನಿಮಿಷ ಬಿಟ್ಟು ಮತ್ತೆ ಕಟ್ಟಬೇಕು. ಟ್ಯೂಬಿಗೆ ರಕ್ತ ಹರಿಯಲು ಶುರುವಾದ ಕೂಡಲೇ ಪಟ್ಟಿ ಬಿಚ್ಚಬಹುದು. ಸೂಜಿ ಇನ್ನೂ ಒಳಗಿದ್ದರೂ ತೊಂದರೆಯಿಲ್ಲ.

ನೀವು ಮಾಡಬಹುದಾದದ್ದೂ ಇದೆ. ಮನೆಯಲ್ಲಿ ನೀರು ಕುಡಿದು ಬನ್ನಿ. ನಿಮ್ಮ ನರ ಸುಲಭವಾಗಿ ಸಿಗುವುದಿಲ್ಲ ಅಂದರೆ ಮೊದಲೇ ಹೇಳಿ, ಯಾವ ತೋಳಿನಲ್ಲಿ ಹಿಂದೆ ಸಿಕ್ಕಿತ್ತು ಅಂತ ತೋರಿಸಿ. ತೋಳು ಬೆಚ್ಚಗಿರಲಿ, ಸ್ವಲ್ಪ ಹೊತ್ತು ಕೆಳಗೆ ಇಳಿಬಿಡಿ. ಮುಷ್ಟಿಯನ್ನು ಬಿಗಿದು ಬಿಡುತ್ತಾ ಇರಬೇಡಿ. ಅದರಿಂದ ಪೊಟ್ಯಾಸಿಯಂ ಅಂಕಿ ಸುಳ್ಳೇ ಏರುತ್ತದೆ, ಬಹಳ ಸಲ ಅದೇ ರಕ್ತದಲ್ಲಿ ಆ ಟೆಸ್ಟೂ ಇರುತ್ತದೆ. ಪಟ್ಟಿ ತುಂಬಾ ಹೊತ್ತಾಯಿತು ಅನ್ನಿಸಿದರೆ, "ಸ್ವಲ್ಪ ಸಡಿಲ ಮಾಡಿ ಮತ್ತೆ ಕಟ್ತೀರಾ? ಕೊಲೆಸ್ಟ್ರಾಲ್ ಟೆಸ್ಟ್ ಇದೆ" ಅಂತ ಮೆತ್ತಗೆ ಕೇಳಿ. ಕೆಲಸ ಬಲ್ಲವರು ಬೇಜಾರು ಮಾಡಿಕೊಳ್ಳುವುದಿಲ್ಲ.

ರಿಪೋರ್ಟ್ ಓದುವಾಗ: ನೀರೋ, ಕಾಯಿಲೆಯೋ?

ಅಂಕಿ ಹಿಂದಿನ ಸಲಕ್ಕಿಂತ ತುಂಬಾ ಬೇರೆ ಬಂದರೆ, ಎಷ್ಟು ಬದಲಾಯಿತು ಅನ್ನುವುದಕ್ಕಿಂತ ಯಾವ ಯಾವ ಅಂಕಿ ಯಾವ ದಿಕ್ಕಿಗೆ ಹೋಯಿತು ಅನ್ನುವುದು ಹೆಚ್ಚು ಹೇಳುತ್ತದೆ.

ನೀರಿನ ಆಟವಾಗಿದ್ದರೆ ಎಲ್ಲವೂ ಒಟ್ಟಿಗೆ ಏರುತ್ತವೆ, ಇಲ್ಲವೇ ಒಟ್ಟಿಗೆ ಇಳಿಯುತ್ತವೆ. ಅದೇ ದಿನ ಆಲ್ಬುಮಿನ್, ಒಟ್ಟು ಪ್ರೋಟೀನ್, ಹಿಮೋಗ್ಲೋಬಿನ್ ನೋಡಿದ್ದರೆ ಅವೂ ಅದೇ ದಿಕ್ಕಿಗೆ ಸ್ವಲ್ಪ ಸರಿದಿರುತ್ತವೆ. ಅವೂ ಆ ಜರಡಿ ದಾಟದವು ತಾನೆ. ಪ್ರೋಟೀನಿಗೆ ಅಂಟಿಕೊಂಡಿರುವ ಭಾಗದಿಂದಾಗಿ ಕ್ಯಾಲ್ಸಿಯಂ ಕೂಡ ಸ್ವಲ್ಪ ಜೊತೆಗೆ ಹೋಗುತ್ತದೆ.

ಕಾಯಿಲೆಯ ಗುರುತು ಬೇರೆ. ಇನ್ನೊಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬರ ಅಂಕಿ ಕಳೆದ ವರ್ಷ ಹೀಗಿತ್ತು: ಒಟ್ಟು 234, ಎಚ್‌ಡಿಎಲ್ 44, ಟ್ರೈಗ್ಲಿಸರೈಡ್ 150, ಎಲ್‌ಡಿಎಲ್ 160. ಡಾಕ್ಟರ್ ಮಾತ್ರೆಯ ವಿಷಯ ಎತ್ತಿದ್ದರು, ಇವರು ಸಮಯ ಕೇಳಿದ್ದರು. ಈ ವರ್ಷ ನ್ಯುಮೋನಿಯಾ ಆಗಿ, ಗುಣವಾಗಿ, ಹತ್ತು ದಿನಕ್ಕೆ ಟೆಸ್ಟ್ ಮಾಡಿಸಿದರು. ಒಟ್ಟು 191, ಎಚ್‌ಡಿಎಲ್ 31, ಟ್ರೈಗ್ಲಿಸರೈಡ್ 240, ಎಲ್‌ಡಿಎಲ್ 112.

ಮೇಲ್ನೋಟಕ್ಕೆ ಒಟ್ಟು 200ರ ಕೆಳಗೆ ಬಂದಿದೆ, ಎಲ್‌ಡಿಎಲ್ 48 ಇಳಿದಿದೆ. ಮಾತ್ರೆ ಇಲ್ಲದೆ ಇಷ್ಟು ಇಳಿಕೆ! ಆದರೆ ಟ್ರೈಗ್ಲಿಸರೈಡ್ ಏರಿದೆ, ಎಚ್‌ಡಿಎಲ್ ಬಿದ್ದಿದೆ. ಅನುಪಾತ 5.3 ಇದ್ದದ್ದು 6.2 ಆಗಿದೆ. ಊಟ, ವ್ಯಾಯಾಮದಿಂದ ನಿಜವಾಗಿ ಸುಧಾರಿಸಿದವರಲ್ಲಿ ಟ್ರೈಗ್ಲಿಸರೈಡ್ ಇಳಿಯುತ್ತದೆ, ಹೀಗೆ ಏರುವುದಿಲ್ಲ. ಎಲ್‌ಡಿಎಲ್ ಇಳಿಕೆಯಲ್ಲಿ ಒಂದು ಪಾಲು ಸೂತ್ರದಿಂದಲೇ ಬಂದದ್ದು. ಮೊದಲು 150ರ ಐದನೇ ಒಂದು ಭಾಗ, ಅಂದರೆ 30 ಕಳೆದಿದ್ದರು. ಈಗ 240ರದ್ದು, 48 ಕಳೆದಿದ್ದಾರೆ. ಡಾಕ್ಟರ್ ಅದೇ ದಿನದ ಸಿಆರ್‌ಪಿ ನೋಡಿದರು, ಇನ್ನೂ ಏರಿಯೇ ಇತ್ತು. ಮೈಯಲ್ಲಿ ಉರಿಯೂತ ಇನ್ನೂ ಆರಿಲ್ಲ ಅನ್ನುವುದಕ್ಕೆ ಅದು ಸಾಕ್ಷಿ. ಹಾಗಾಗಿ ಈ ರಿಪೋರ್ಟನ್ನು ಪಕ್ಕಕ್ಕಿಟ್ಟು, ಗುಣವಾದ ದಿನದಿಂದ 8 ವಾರ ಕಳೆದು ಮತ್ತೆ ಬರಲು ಹೇಳಿದರು.

ಆಗ ಬಂದದ್ದು: ಒಟ್ಟು 226, ಎಚ್‌ಡಿಎಲ್ 43, ಟ್ರೈಗ್ಲಿಸರೈಡ್ 155, ಎಲ್‌ಡಿಎಲ್ 152. ಕಳೆದ ವರ್ಷದ 160ಕ್ಕೂ ಈ 152ಕ್ಕೂ ಇರುವ ವ್ಯತ್ಯಾಸವನ್ನು ಸುಧಾರಣೆ ಅಂತ ಕರೆಯಲಾಗದು. ಏನೂ ಬದಲಾಗದ ಆರೋಗ್ಯವಂತರಲ್ಲೂ ಎಲ್‌ಡಿಎಲ್ ಒಂದು ದಿನದಿಂದ ಇನ್ನೊಂದು ದಿನಕ್ಕೆ ಇಷ್ಟು ಅಲ್ಲಾಡುತ್ತದೆ. ಟ್ರೈಗ್ಲಿಸರೈಡ್ ಅಂತೂ ನೂರಕ್ಕೆ 20ರಷ್ಟು ಹೆಚ್ಚುಕಮ್ಮಿ ಆಗುವುದು ಮಾಮೂಲು. ಮಾತ್ರೆಯ ಚರ್ಚೆ ಕಳೆದ ವರ್ಷ ನಿಂತ ಜಾಗದಿಂದಲೇ ಮತ್ತೆ ಶುರುವಾಯಿತು. ಹತ್ತನೇ ದಿನದ ಕಾಗದ ನಂಬಿದ್ದರೆ ಅದು ಇನ್ನೂ ಒಂದು ವರ್ಷ ಮುಂದೆ ಹೋಗುತ್ತಿತ್ತು.

ಇಂಥ ಗಡಿಯಲ್ಲಿರುವ ಅಂಕಿಯ ಮೇಲೆ ದೊಡ್ಡ ತೀರ್ಮಾನ ಮಾಡುವುದಿದ್ದರೆ ಒಂದು ಟೆಸ್ಟ್ ಸಾಲದು. ಕನಿಷ್ಠ ಒಂದು ವಾರ ಬಿಟ್ಟು, ಅದೇ ಲ್ಯಾಬ್‌ನಲ್ಲಿ, ಅದೇ ಹೊತ್ತಿನಲ್ಲಿ, ಅದೇ ರೀತಿ ಕೂತು ಇನ್ನೊಂದು ಮಾಡಿಸಿ, ಎರಡರ ಸರಾಸರಿ ನೋಡುವುದು ಒಳ್ಳೆಯದು. ಪ್ರತಿ ರಿಪೋರ್ಟಿನ ಮೂಲೆಯಲ್ಲಿ ನಾಲ್ಕು ವಿಷಯ ಬರೆದಿಡಿ: ಎಷ್ಟು ಗಂಟೆ ಉಪವಾಸ, ಕೂತೋ ಮಲಗಿಯೋ, ಪಟ್ಟಿ ಬೇಗ ಬಿಚ್ಚಿದರೋ ಇಲ್ಲವೋ, ಕೊನೆಯ ಕಾಯಿಲೆ ಯಾವಾಗ. ಡಾಕ್ಟರ್ ಬದಲಾದರೂ ಆ ಅಂಕಿಯನ್ನು ಹೇಗೆ ಓದಬೇಕು ಅಂತ ಅವರಿಗೆ ತಿಳಿಯುತ್ತದೆ.

ಕಾಯಿಲೆಯಿಂದ ಅಂಕಿ ಕೆಡುತ್ತದೆ ಅಂತ ಎಲ್ಲವನ್ನೂ ತಳ್ಳಿಹಾಕುವ ಹಾಗೂ ಇಲ್ಲ. ಜ್ವರದ ನಡುವೆ ತೆಗೆದ ರಕ್ತದಲ್ಲೂ ಟ್ರೈಗ್ಲಿಸರೈಡ್ 500 ದಾಟಿದ್ದರೆ 8 ವಾರ ಕಾಯಬೇಡಿ, ರಿಪೋರ್ಟ್ ಹಿಡಿದು ಡಾಕ್ಟರ ಹತ್ತಿರ ಹೋಗಿ. 1000 ದಾಟಿದರೆ ಮೇದೋಜೀರಕ ಗ್ರಂಥಿಯ ಉರಿಯೂತದ ಅಪಾಯ ಇರುತ್ತದೆ. ಜೊತೆಗೆ ಹೊಟ್ಟೆಯ ಮೇಲ್ಭಾಗದಲ್ಲಿ ಜೋರಾದ ನೋವು, ವಾಂತಿ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹಾಗೆಯೇ ಕಾಯಿಲೆಯ ನಡುವೆಯೂ ಎಲ್‌ಡಿಎಲ್ 190ರ ಮೇಲೆ ಬಂದರೆ, ಕಾಯಿಲೆ ಅದನ್ನು ಇಳಿಸಿದ ಮೇಲೂ ಅಷ್ಟಿದೆ ಅಂತ ಅರ್ಥ. ಗುಣವಾದ ಮೇಲೆ ಅದು ಇನ್ನೂ ಏರಬಹುದು. ಅಂಥವರು ಡಾಕ್ಟರನ್ನು ಈಗಲೇ ಕಾಣಬೇಕು, ಮನೆಯಲ್ಲಿ ಇನ್ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಆಗಿತ್ತಾ ಅನ್ನುವುದನ್ನೂ ಹೇಳಬೇಕು.